ಮೊದಲು ಕಾಗದ, ಆಮೇಲೆ ಸಮಯ, ಕೊನೆಗೆ ಲಿಪಿಕಾರ: ಮಂದದೃಷ್ಟಿಯ ಮಗುವಿಗೆ ಲಿಖಿತ ಪರೀಕ್ಷೆ ಹೊಂದಿಸುವ ಬಗೆ

ಹತ್ತನೇ ತರಗತಿಯಲ್ಲಿ ಕಣ್ಣಿನ ತೊಂದರೆ ಇರುವ ಮಗು ಇದ್ದರೆ ನಮ್ಮ ಬಹಳಷ್ಟು ಶಾಲೆಗಳು ಮೊದಲು ಮಾಡುವ ಕೆಲಸ ಲಿಪಿಕಾರರಿಗಾಗಿ, ಅಂದರೆ ಮಗು ಹೇಳಿದ ಉತ್ತರವನ್ನು ಬರೆದುಕೊಡುವವರಿಗಾಗಿ, ಅರ್ಜಿ ಹಾಕುವುದು. ಒಂದು ಪ್ರಮಾಣಪತ್ರ, ಒಂದು ಮುಚ್ಚಳಿಕೆ, ಕೆಳಗಿನ ತರಗತಿಯ ಒಬ್ಬ ಹುಡುಗ ಸಿಕ್ಕರೆ ಕಡತ ಮುಗಿಯುತ್ತದೆ. ಏನೂ ಕಾಣದ ಮಗುವಿಗೆ, ಬ್ರೈಲ್ ಉತ್ತರ ಪತ್ರಿಕೆ ತಿದ್ದುವವರು ಇಲ್ಲದ ಕಡೆ, ಅದು ಸರಿಯಾದ ದಾರಿಯೇ. ಮಂದದೃಷ್ಟಿಯ ಮಗುವಿನ ವಿಷಯ ಬೇರೆ. ಆ ಮಗು ಎಂಟೊಂಬತ್ತು ವರ್ಷ ಕಣ್ಣಿಗೆ ಹತ್ತಿರ ಹಿಡಿದುಕೊಂಡೇ ಓದಿದೆ, ಕೈಯಲ್ಲೇ ಬರೆದಿದೆ. ಅಂಥ ಮಗುವಿನ ಕೈಯಿಂದ ಪರೀಕ್ಷೆಯ ದಿನ ಪೆನ್ನು ಕಿತ್ತುಕೊಂಡು ಬೇರೆಯವರಿಗೆ ಕೊಟ್ಟರೆ ಎಷ್ಟೋ ಸಲ ಉಪಕಾರಕ್ಕಿಂತ ತೊಂದರೆಯೇ ಹೆಚ್ಚು. ಹೊಂದಾಣಿಕೆ ಮಾಡಬೇಕಾದ ಕ್ರಮ ತಿರುಗುಮುರುಗಾಗಿದೆ ಎಂಬುದು ನನ್ನ ವಾದ. ಮೊದಲು ಪ್ರಶ್ನೆಪತ್ರಿಕೆ ಓದಲು ಬರುವಂತಾಗಬೇಕು, ಆಮೇಲೆ ಸಮಯದ ಲೆಕ್ಕ, ಎರಡೂ ಸಾಲದಿದ್ದರೆ ಲಿಪಿಕಾರ.

ಕಾನೂನಿನ ಕಣ್ಣಿಗೆ ಮಂದದೃಷ್ಟಿ ಎಂದರೇನು ಎಂಬುದನ್ನು ಮೊದಲು ನೋಡೋಣ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಅನುಸೂಚಿ ಎರಡು ಅಳತೆ ಕೊಡುತ್ತದೆ. ಕನ್ನಡಕ ಹಾಕಿ ಸಾಧ್ಯವಾದಷ್ಟು ಸರಿಪಡಿಸಿದ ಮೇಲೂ, ಎರಡರಲ್ಲಿ ಚೆನ್ನಾಗಿರುವ ಕಣ್ಣಿನ ದೃಷ್ಟಿ 6/18ಕ್ಕಿಂತ ಕಡಿಮೆಯಾಗಿ 3/60ರವರೆಗೆ ಇರುವುದು ಒಂದು. ನೋಟದ ಹರವು 40 ಡಿಗ್ರಿಗಿಂತ ಕಡಿಮೆಯಾಗಿ 10 ಡಿಗ್ರಿಯವರೆಗೆ ಇರುವುದು ಇನ್ನೊಂದು. 6/60 ಎಂದು ಬರೆದಿದ್ದರೆ, ಉಳಿದವರು 60 ಮೀಟರ್ ದೂರದಿಂದ ಗುರುತಿಸುವ ಅಕ್ಷರವನ್ನು ಈ ಮಗು 6 ಮೀಟರ್ ಹತ್ತಿರ ಬಂದರೆ ಮಾತ್ರ ಗುರುತಿಸುತ್ತದೆ ಎಂದರ್ಥ. ಸೌಲಭ್ಯಕ್ಕೆ ಅರ್ಹತೆ ಇದೆಯೇ ಇಲ್ಲವೇ ಎಂಬುದನ್ನು ಈ ಸಂಖ್ಯೆ ಹೇಳುತ್ತದೆ. ಪ್ರಶ್ನೆಪತ್ರಿಕೆ ಯಾವ ಗಾತ್ರದಲ್ಲಿ ಬೇಕು ಎಂಬುದನ್ನು ಮಾತ್ರ ಹೇಳುವುದಿಲ್ಲ. ಗೋಡೆಯ ಮೇಲಿನ ಒಂಟಿ ಅಕ್ಷರ ಗುರುತಿಸುವುದೂ ಮೇಜಿನ ಮೇಲಿನ ಇಡೀ ಪುಟ ಓದುವುದೂ ಕಣ್ಣಿಗೆ ಎರಡು ಬೇರೆ ಕೆಲಸ.

ಗಾತ್ರ ಕಂಡುಕೊಳ್ಳುವುದು

ಅದನ್ನು ಕಂಡುಕೊಳ್ಳಲು ಆಸ್ಪತ್ರೆಗೆ ಹೋಗಬೇಕಿಲ್ಲ. ಶಿಕ್ಷಕರು ಅರ್ಧ ಗಂಟೆ ಬಿಡುವು ಮಾಡಿಕೊಂಡರೆ ಸಾಕು. ಮಗು ಹಿಂದೆ ಓದಿರದ, ಆದರೆ ಅದರ ತರಗತಿಯ ಮಟ್ಟದ ಗದ್ಯದಿಂದ ಸುಮಾರು ನೂರು ಪದಗಳ ನಾಲ್ಕು ತುಣುಕು ಆರಿಸಿ, 12, 18, 24, 32 ಪಾಯಿಂಟ್ ಗಾತ್ರಗಳಲ್ಲಿ ಮುದ್ರಿಸಬೇಕು. ಗಟ್ಟಿಯಾಗಿ ಓದಿಸಿ, ಹಿಡಿದ ಸಮಯವನ್ನೂ ತಪ್ಪಿದ ಪದಗಳನ್ನೂ ಬರೆದುಕೊಳ್ಳಬೇಕು. ಮಗು ತನಗೆ ಬೇಕಾದಷ್ಟು ಹತ್ತಿರ ಹಿಡಿಯಲಿ, ತಲೆ ಓರೆ ಮಾಡಲಿ, ತಡೆಯಬಾರದು. "ನೆಟ್ಟಗೆ ಕೂತ್ಕೊ" ಎಂದು ಅಭ್ಯಾಸಬಲದಿಂದ ಹೇಳುವವರು ಅರ್ಧ ಗಂಟೆ ಸುಮ್ಮನಿದ್ದರೆ ಒಳ್ಳೆಯದು. ಕಣ್ಣುಗುಡ್ಡೆ ಸದಾ ಅದುರುವ ಮಗುವಿಗೆ ಒಂದು ಓರೆ ಕೋನದಲ್ಲಿ ಆ ಅದುರು ಕಡಿಮೆಯಾಗುತ್ತದೆ, ತಲೆ ವಾಲಿಸುವುದು ಅದಕ್ಕಾಗಿ.

ಉದಾಹರಣೆಗೆ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಹುಟ್ಟಿನಿಂದ ಬಂದ ಆಲ್ಬಿನಿಸಂ, ಅಂದರೆ ಚರ್ಮ, ಕೂದಲು, ಕಣ್ಣಿಗೆ ಬಣ್ಣ ಕೊಡುವ ಅಂಶದ ಕೊರತೆ, ಅದರ ಜೊತೆಗೆ ಕಣ್ಣಿನ ಅದುರು, ದೃಷ್ಟಿ 6/60. ಅವಳು 12 ಪಾಯಿಂಟ್‌ನಲ್ಲಿ ನಿಮಿಷಕ್ಕೆ 28 ಪದ ಓದಿದಳು, ಒತ್ತಕ್ಷರಗಳಲ್ಲಿ ಮೇಲಿಂದ ಮೇಲೆ ತಪ್ಪಿದಳು. 18ರಲ್ಲಿ 55, 24ರಲ್ಲಿ 70, 32ರಲ್ಲಿ 68 ಪದ. ಗಾತ್ರ ಏರಿದಂತೆ ವೇಗ ಏರಿ, 24ರಲ್ಲಿ ನಿಂತುಬಿಟ್ಟಿದೆ. ಅವಳಿಗೆ ಬೇಕಾದ ಗಾತ್ರ ಅದೇ. ಅದಕ್ಕೂ ದೊಡ್ಡದು ಮಾಡಿದರೆ ಪುಟಗಳ ಸಂಖ್ಯೆ ಬೆಳೆಯುತ್ತದೆ, ಓದುವ ವೇಗ ಬೆಳೆಯುವುದಿಲ್ಲ. ಇಲ್ಲಿ ಎಚ್ಚರ ವಹಿಸಬೇಕಾದದ್ದು ಒಂದಿದೆ. "ಇದು ಕಾಣುತ್ತಾ?" ಎಂದು 12 ಪಾಯಿಂಟ್ ಹಾಳೆ ತೋರಿಸಿ ಕೇಳಿದ್ದರೆ ಅವಳು "ಕಾಣತ್ತೆ ಮಿಸ್" ಎನ್ನುತ್ತಿದ್ದಳು. ಅದು ಸುಳ್ಳೂ ಅಲ್ಲ. ಕಾಣುವ ಗಾತ್ರಕ್ಕೂ ಮೂರು ಗಂಟೆ ದಣಿಯದೆ ಓದುವ ಗಾತ್ರಕ್ಕೂ ನಡುವೆ ಸುಮಾರು ಎರಡು ಪಟ್ಟಿನ ಅಂತರ ಇರಬಲ್ಲದು. ಹಾಗಾಗಿ ಕೇಳಿ ತಿಳಿಯುವುದಕ್ಕಿಂತ ಅಳೆದು ತಿಳಿಯುವುದು ಮೇಲು.

ದೊಡ್ಡ ಅಕ್ಷರ ಎಲ್ಲರಿಗೂ ಮದ್ದಲ್ಲ ಎಂಬುದನ್ನೂ ಈ ಪರೀಕ್ಷೆಯೇ ತೋರಿಸಿಕೊಡುತ್ತದೆ. ರೆಟಿನೈಟಿಸ್ ಪಿಗ್ಮೆಂಟೋಸಾ ಇರುವ ಮಗುವಿಗೆ ಸುತ್ತಲಿನ ನೋಟ ಮುಚ್ಚಿಕೊಂಡು, ಕೊಳವೆಯೊಳಗಿಂದ ನೋಡಿದಂತೆ ನಡುವಿನ ಚೂರು ಮಾತ್ರ ಉಳಿದಿರುತ್ತದೆ. ಆ ಚೂರಿನೊಳಗೆ 14 ಪಾಯಿಂಟ್‌ನ ಒಂದು ಇಡೀ ಪದ ಹಿಡಿದರೆ, 28ರಲ್ಲಿ ಅರ್ಧ ಪದ ಮಾತ್ರ ಹಿಡಿಯುತ್ತದೆ. ಅಂಥ ಮಗುವಿಗೆ ಸಾಧಾರಣ ಗಾತ್ರದ ದಟ್ಟ ಕಪ್ಪು ಅಕ್ಷರ, ಚಿಕ್ಕ ಸಾಲು, ಒಳ್ಳೆಯ ಬೆಳಕು ಬೇಕು. ಆಲ್ಬಿನಿಸಂ ಇರುವವರಿಗೆ ಇದಕ್ಕೆ ತದ್ವಿರುದ್ಧ, ಬೆಳಕು ಹೆಚ್ಚಾದರೆ ಕಣ್ಣು ಕುಕ್ಕುತ್ತದೆ. ಇಬ್ಬರ ಪ್ರಮಾಣಪತ್ರದಲ್ಲೂ ಮಂದದೃಷ್ಟಿ ಎಂದೇ ಬರೆದಿರುತ್ತದೆ.

ಕನ್ನಡದ ಕಾಗದ

ಗಾತ್ರ ಗೊತ್ತಾದ ಕೂಡಲೇ ಶಾಲೆಗಳಿಗೆ ಹೊಳೆಯುವ ಸುಲಭ ದಾರಿ ಜೆರಾಕ್ಸ್ ಅಂಗಡಿ. ಎ4 ಹಾಳೆಯನ್ನು ಎ3ಗೆ ಹಿಗ್ಗಿಸಿದರೆ ಅಕ್ಷರ 1.41 ಪಟ್ಟು ದೊಡ್ಡದಾಗುತ್ತದೆ. 12 ಪಾಯಿಂಟ್ ಇದ್ದದ್ದು 17 ಆಗುತ್ತದೆ, ಅಷ್ಟೇ. ಮೂಲ ಪತ್ರಿಕೆ 10 ಪಾಯಿಂಟ್‌ನದಾಗಿದ್ದರೆ 14. ನಮ್ಮ ಹುಡುಗಿಗೆ ಬೇಕಾದ 24 ಹೀಗೆ ಸಿಗುವುದಿಲ್ಲ. ಸಿಕ್ಕಿದ್ದರ ಜೊತೆ ಹೊಸ ತೊಂದರೆಯೊಂದು ಬರುತ್ತದೆ. ಕಣ್ಣಿನಿಂದ ಎಂಟು ಹತ್ತು ಸೆಂಟಿಮೀಟರ್ ದೂರದಲ್ಲಿ ಓದುವವಳಿಗೆ ಸುಮಾರು 30 ಸೆಂಟಿಮೀಟರ್ ಅಗಲದ ಹಾಳೆಯ ಒಂದು ಸಾಲು ಮುಗಿಸಲು ಇಡೀ ತಲೆಯನ್ನೇ ಎಡದಿಂದ ಬಲಕ್ಕೆ ಎಳೆಯಬೇಕು, ಮತ್ತೆ ಎಡಕ್ಕೆ ಬಂದು ಮುಂದಿನ ಸಾಲು ಹುಡುಕಬೇಕು. ಸಾಲು ತಪ್ಪುವುದು ಅಲ್ಲೇ. ಶಾಲೆಯ ಡೆಸ್ಕಿನ ಮೇಲೆ ಎ3 ಹಾಳೆಯೂ ಉತ್ತರ ಪತ್ರಿಕೆಯೂ ಒಟ್ಟಿಗೆ ಹಿಡಿಸುವುದಿಲ್ಲ ಎಂಬುದು ಇನ್ನೊಂದು. ಹಾಗಾಗಿ ಸಾಧ್ಯವಿರುವಲ್ಲೆಲ್ಲ ಪತ್ರಿಕೆಯನ್ನು ಕಂಪ್ಯೂಟರಿನಲ್ಲೇ ಗಾತ್ರ ಬದಲಿಸಿ, ಎ4 ಹಾಳೆಯ ಒಂದೇ ಮಗ್ಗುಲಲ್ಲಿ ಮುದ್ರಿಸಬೇಕು. ಹಾಳೆ ಮಿಂಚುವಂಥದ್ದಾಗಬಾರದು, ಹಿಂದಿನ ಮುದ್ರಣ ಕಾಣುವಷ್ಟು ತೆಳುವೂ ಆಗಬಾರದು.

ದೊಡ್ಡಕ್ಷರ ಮುದ್ರಣದ ಬಗ್ಗೆ ಸಿಗುವ ಸಲಹೆಗಳು ಹೆಚ್ಚಾಗಿ ಇಂಗ್ಲಿಷ್ ಲಿಪಿಗಾಗಿ ಬರೆದವು. ಕನ್ನಡಕ್ಕೆ ಅವು ಸಾಲವು. ನಮ್ಮ ಸಾಲಿನಲ್ಲಿ ಮುಖ್ಯ ಅಕ್ಷರದ ಕೆಳಗೆ ಒತ್ತಕ್ಷರ ಇರುತ್ತದೆ, ಅದು ಮುಖ್ಯ ಅಕ್ಷರಕ್ಕಿಂತ ಸಾಕಷ್ಟು ಚಿಕ್ಕದು. 18 ಪಾಯಿಂಟ್ ಎಂದು ನಾವು ಕೊಟ್ಟಾಗ ಒತ್ತು ಅದರ ಅರ್ಧದಿಂದ ಮುಕ್ಕಾಲರಷ್ಟು ಮಾತ್ರ ಇರುತ್ತದೆ. ದ ಮತ್ತು ಧ, ಪ ಮತ್ತು ಫ ನಡುವೆ ಇರುವುದು ಒಂದು ಸಣ್ಣ ಸೀಳು ಅಥವಾ ಗೀರು. ಆದ್ದರಿಂದ ಓದಿಸಿ ನೋಡುವ ತುಣುಕಿನಲ್ಲಿ ಒತ್ತುಗಳೂ ಮಹಾಪ್ರಾಣಗಳೂ ಧಾರಾಳವಾಗಿರಬೇಕು. ವಿಜ್ಞಾನದ ಪಾಠದಿಂದ ಆರಿಸಿದರೆ ಅವು ತಾನಾಗಿಯೇ ಬರುತ್ತವೆ. ಸಾಲಿನ ಅಂತರ ಕನಿಷ್ಠ ಒಂದೂವರೆ ಪಟ್ಟು ಇರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇನ್ನೊಂದು ಕೆಟ್ಟ ಅಭ್ಯಾಸ ಅಡಿಗೆರೆ. "ಗೆರೆ ಎಳೆದ ಪದದ ಸಮಾನಾರ್ಥಕ ಬರೆಯಿರಿ" ಎಂಬ ಪ್ರಶ್ನೆಯಲ್ಲಿ ಆ ಗೆರೆ ಒತ್ತಕ್ಷರದ ನಡುವೆಯೇ ಹಾದುಹೋಗುತ್ತದೆ. ಗೆರೆಯ ಬದಲು ದಪ್ಪ ಅಕ್ಷರ ಹಾಕಿ, ಪ್ರಶ್ನೆಯನ್ನೂ "ದಪ್ಪ ಅಕ್ಷರದಲ್ಲಿರುವ ಪದದ" ಎಂದು ತಿದ್ದಬೇಕು. ಪ್ರಶ್ನೆ ಬದಲಾಗಲಿಲ್ಲ, ಅದನ್ನು ತೋರಿಸುವ ಗುರುತು ಮಾತ್ರ ಬದಲಾಯಿತು.

ಗಣಿತದಲ್ಲಿ ಘಾತಸೂಚಿ, ದಶಮಾಂಶ ಬಿಂದು, ಋಣ ಚಿಹ್ನೆ ಮೂರೂ ಮೊದಲು ಮಾಯವಾಗುವಂಥವು. ಮುಖ್ಯ ಅಕ್ಷರ 24 ಇದ್ದರೂ x² ಮೇಲಿನ 2 ಬಹಳ ಚಿಕ್ಕದಾಗಿ ಬರುತ್ತದೆ, ಅದನ್ನು ಕೈಯಾರೆ ದೊಡ್ಡದು ಮಾಡಬೇಕು. ಚಿತ್ರಗಳನ್ನು ಬರೀ ಹಿಗ್ಗಿಸಿದರೆ ಸಾಲದು. ಬೂದು ಛಾಯೆ ತೆಗೆದು, ಹೊರಗೆರೆ ದಪ್ಪ ಮಾಡಿ, ಭಾಗಗಳ ಹೆಸರನ್ನು ಚಿತ್ರದ ಹೊರಗೆ ತರಬೇಕು. ಹೊಂದಿಸಿ ಬರೆಯಿರಿ ಎಂಬ ಪ್ರಶ್ನೆಯಲ್ಲಿ ಎರಡು ಪಟ್ಟಿಗಳು ಹಾಳೆಯ ಎರಡು ತುದಿಗೆ ಹೋಗಿ ಕೂರದಂತೆ ಹತ್ತಿರ ತರಬೇಕು. ಪ್ರಶ್ನೆ ಒಂದು ಪುಟದಲ್ಲಿ, ಅದರ ಆಯ್ಕೆಗಳು ಮುಂದಿನ ಪುಟದಲ್ಲಿ ಆಗಕೂಡದು. ಅಂಕಗಳನ್ನು ಬಲತುದಿಯಲ್ಲಿ ಒಂಟಿಯಾಗಿ ನಿಲ್ಲಿಸದೆ ಪ್ರಶ್ನೆ ಸಂಖ್ಯೆಯ ಪಕ್ಕದಲ್ಲೇ ಇಡಬೇಕು.

ಉತ್ತರ ಬರೆಯುವ ಕಾಗದವನ್ನು ಮರೆಯುವವರೇ ಹೆಚ್ಚು. ಮಾಮೂಲಿ ಉತ್ತರ ಪತ್ರಿಕೆಯ ತೆಳು ನೀಲಿ ಗೆರೆ ಈ ಮಕ್ಕಳಿಗೆ ಕಾಣುವುದೇ ಇಲ್ಲ. ದಪ್ಪ ಕಪ್ಪು ಗೆರೆ, ಗೆರೆಗಳ ನಡುವೆ ಒಂದೂವರೆ ಸೆಂಟಿಮೀಟರ್ ಜಾಗ, ಕಪ್ಪು ಜೆಲ್ ಪೆನ್ನು, ನಕ್ಷೆಗೆ ದಪ್ಪ ಚೌಕಗಳ ಹಾಳೆ ಇಷ್ಟು ಒದಗಿಸಿದರೆ ಅಕ್ಷರ ಎಷ್ಟು ತಿದ್ದಿಕೊಳ್ಳುತ್ತದೆ ಎಂಬುದನ್ನು ಒಂದು ಕಿರು ಪರೀಕ್ಷೆಯಲ್ಲೇ ನೋಡಬಹುದು. ಇಂಥ ಮಕ್ಕಳು ದೊಡ್ಡದಾಗಿ ಬರೆಯುವುದರಿಂದ ಹೆಚ್ಚುವರಿ ಹಾಳೆಗಳು ಮೊದಲೇ ಕೊಠಡಿಯಲ್ಲಿರಬೇಕು.

ಇದೆಲ್ಲ ಶಾಲೆಯೇ ಮಾಡುವ ಪರೀಕ್ಷೆಗಳಲ್ಲಿ ಸುಲಭ. ಮಂಡಳಿಯ ಪತ್ರಿಕೆ ಮೊಹರು ಮಾಡಿದ ಲಕೋಟೆಯಲ್ಲಿ ಬರುತ್ತದೆ, ಅದನ್ನು ಯಾರೂ ಮರುಟೈಪ್ ಮಾಡುವಂತಿಲ್ಲ. ಆದ್ದರಿಂದ ದೊಡ್ಡಕ್ಷರದ ಪತ್ರಿಕೆ ಬೇಕೆಂಬ ಕೋರಿಕೆ, ಗಾತ್ರದ ಸಂಖ್ಯೆ ಸಮೇತ, ಪರೀಕ್ಷೆಗೆ ನೋಂದಣಿ ಮಾಡುವ ಹೊತ್ತಿಗೇ ಲಿಖಿತವಾಗಿ ಹೋಗಬೇಕು. ಜೊತೆಗೆ ಭೂತಗನ್ನಡಿ, ಓರೆ ಮಣೆ, ಮೇಜು ದೀಪ, ವಿಡಿಯೊ ಮ್ಯಾಗ್ನಿಫೈಯರ್ ಇವುಗಳಲ್ಲಿ ಮಗು ದಿನವೂ ಬಳಸುವಂಥದ್ದಕ್ಕೆ ಹೆಸರು ಹಿಡಿದು ಅನುಮತಿ ಕೇಳಬೇಕು. ಕೋರಿದ ಪತ್ರಿಕೆ ಬಾರದೇ ಹೋದರೆ ಆ ದಿನ ಉಳಿಯುವ ಆಸರೆ ಅದೇ.

ಸಮಯದ ಲೆಕ್ಕ

ಕಾಯ್ದೆಯ 17ನೇ ಕಲಮು ಹೆಚ್ಚುವರಿ ಸಮಯವನ್ನೂ ಲಿಪಿಕಾರರ ಸೌಲಭ್ಯವನ್ನೂ ಹೆಸರಿಸಿಯೇ ಹೇಳುತ್ತದೆ. ಎಷ್ಟು ಸಮಯ ಎಂಬುದು ಕೇಂದ್ರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯ 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿದೆ: ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ, ಎರಡೂವರೆ ಗಂಟೆಯದಕ್ಕೆ 50 ನಿಮಿಷ. ಗಂಟೆಗಿಂತ ಕಡಿಮೆ ಅವಧಿಯದಾದರೆ ಅದೇ ಪ್ರಮಾಣದಲ್ಲಿ, ಐದರ ಗುಣಕವಾಗಿ, ಐದು ನಿಮಿಷಕ್ಕೆ ಕಡಿಮೆ ಆಗದಂತೆ. 40 ನಿಮಿಷದ ಕಿರು ಪರೀಕ್ಷೆಗೆ ಲೆಕ್ಕ 13 ಚಿಲ್ಲರೆ ಬರುತ್ತದೆ, 15 ಕೊಡಬೇಕು. ಲಿಪಿಕಾರರನ್ನು ತೆಗೆದುಕೊಳ್ಳದ ವಿದ್ಯಾರ್ಥಿಗೂ ಈ ಸಮಯ ಉಂಟು. "ಸ್ಕ್ರೈಬ್ ಬೇಡ ಅಂದ್ರೆ ಎಕ್ಸ್‌ಟ್ರಾ ಟೈಮೂ ಇಲ್ಲ" ಎಂದು ಕೆಲವು ಕಡೆ ಹೇಳುವುದುಂಟು, ಅದಕ್ಕೆ ಆಧಾರವಿಲ್ಲ. ಶಾಲಾ ಮಂಡಳಿಗಳು ತಮ್ಮದೇ ಸುತ್ತೋಲೆ ಹೊರಡಿಸುತ್ತವೆ, ಕೇಂದ್ರದ ಮಾರ್ಗಸೂಚಿಯೂ ಆಗಾಗ ಪರಿಷ್ಕರಣೆ ಆಗುತ್ತದೆ, ಹಾಗಾಗಿ ಆಯಾ ವರ್ಷದ ಆದೇಶದ ಪ್ರತಿ ಕೈಯಲ್ಲಿರಲಿ.

ಈಗ ಆ ಒಂದು ಗಂಟೆ ಎಲ್ಲಿ ಹೋಗುತ್ತದೆ ನೋಡೋಣ. ಒಂದು ಪ್ರಶ್ನೆಪತ್ರಿಕೆಯಲ್ಲಿ 1,200 ಪದಗಳಿವೆ, ಎಲ್ಲವನ್ನೂ ಎರಡು ಸಲ ಓದಬೇಕಾಗುತ್ತದೆ ಎಂದುಕೊಳ್ಳಿ. ನಿಮಿಷಕ್ಕೆ 100 ಪದ ಓದುವ ಸಹಪಾಠಿಗೆ 24 ನಿಮಿಷ ಸಾಕು. ನಮ್ಮ ಹುಡುಗಿಗೆ 24 ಪಾಯಿಂಟ್ ಪತ್ರಿಕೆ ಕೊಟ್ಟರೆ ಸುಮಾರು 34 ನಿಮಿಷ. 12 ಪಾಯಿಂಟ್‌ನದನ್ನೇ ಕೊಟ್ಟರೆ 86 ನಿಮಿಷ. ಸಹಪಾಠಿಗಿಂತ 62 ನಿಮಿಷ ಹೆಚ್ಚು. ಅಂದರೆ ಸರ್ಕಾರ ಕೊಟ್ಟ ಇಡೀ ಗಂಟೆಯನ್ನು ಸಣ್ಣ ಅಕ್ಷರವೇ ನುಂಗಿತು, ಬರೆಯಲು ಒಂದು ನಿಮಿಷವೂ ಹೆಚ್ಚಿಗೆ ಸಿಗಲಿಲ್ಲ. ಕಾಗದ ಸರಿ ಮಾಡಿದ್ದರೆ ಓದಿಗೆ ಹತ್ತು ನಿಮಿಷ ಹೋಗಿ, ಉಳಿದ 50 ನಿಮಿಷ ಉತ್ತರ ಎಲ್ಲಿಗೆ ನಿಲ್ಲಿಸಿದ್ದೆ ಎಂದು ಹುಡುಕುವುದಕ್ಕೆ, ನಿಧಾನವಾಗಿ ಬರೆಯುವುದಕ್ಕೆ, ಕಣ್ಣಿಗೆ ಬಿಡುವು ಕೊಡುವುದಕ್ಕೆ ಸಿಗುತ್ತಿತ್ತು. ಮೊದಲು ಕಾಗದ ಎಂದದ್ದು ಈ ಲೆಕ್ಕದಿಂದಲೇ.

ಬಿಡುವಿನ ಮಾತು ಸಣ್ಣದಲ್ಲ. ಹತ್ತು ಸೆಂಟಿಮೀಟರ್ ದೂರದಲ್ಲಿ ಕತ್ತು ಬಗ್ಗಿಸಿ ನಾಲ್ಕು ಗಂಟೆ ಓದಿದರೆ ಮೂರನೇ ಗಂಟೆಯಲ್ಲಿ ವೇಗ ಕುಸಿಯುತ್ತದೆ, ಕಣ್ಣು ನೀರಾಡುತ್ತದೆ, ತಲೆನೋವು ಹತ್ತುತ್ತದೆ. ಮುಕ್ಕಾಲು ಗಂಟೆಗೊಮ್ಮೆ ಎರಡು ಮೂರು ನಿಮಿಷ ಕಣ್ಣು ಮುಚ್ಚಿ ಕೂರುವುದನ್ನು ಮಗುವಿಗೆ ಮೊದಲೇ ರೂಢಿ ಮಾಡಿಸಬೇಕು. ಇಲ್ಲದಿದ್ದರೆ ಮೇಲ್ವಿಚಾರಕರು ಏನೆಂದುಕೊಳ್ಳುತ್ತಾರೋ ಎಂದು ಅದು ಕೂರುವುದಿಲ್ಲ. ಪ್ರತ್ಯೇಕ ಕೊಠಡಿ ಬೇಕಾಗುವುದೂ ಇದಕ್ಕೇ. ಉಳಿದವರಿಗೆ ಗಂಟೆ ಬಾರಿಸಿ, ಬೆಂಚು ಸರಿಸಿ, ಹೊರಗೆ ಗದ್ದಲ ಶುರುವಾದಾಗ ಕೊನೆಯ ಒಂದು ಗಂಟೆ ಹೆಸರಿಗಷ್ಟೇ ಉಳಿಯುತ್ತದೆ. ಪತ್ರಿಕೆ ಕೈಗೆ ಬಂದ ಸಮಯವನ್ನು ಮೇಲ್ವಿಚಾರಕರು ನಿಖರವಾಗಿ ಬರೆದಿಡಬೇಕು, ಕೊನೆಯ ಸಮಯ ಅಲ್ಲಿಂದ ಲೆಕ್ಕ. ಊರಿನ ಕೊನೆಯ ಬಸ್ಸು ಎಷ್ಟಕ್ಕೆ ಎಂಬುದೂ ಹೆಚ್ಚುವರಿ ಸಮಯದ ಭಾಗವೇ. ಬಸ್ಸಿಗಾಗಿ ಅರ್ಧ ಗಂಟೆ ಮುಂಚೆ ಎದ್ದುಹೋಗುವ ಮಕ್ಕಳಿದ್ದಾರೆ.

ಲಿಪಿಕಾರ ಯಾವಾಗ, ಹೇಗೆ

ಲಿಪಿಕಾರ ಎಂಬ ಒಂದೇ ಹೆಸರಿನಡಿ ಎರಡು ಕೆಲಸಗಳಿವೆ: ಓದಿ ಹೇಳುವುದು, ಹೇಳಿದ್ದನ್ನು ಬರೆಯುವುದು. ಮಾರ್ಗಸೂಚಿ ಓದಿ ಹೇಳುವವರನ್ನು ಬೇರೆಯಾಗಿಯೇ ಹೆಸರಿಸುತ್ತದೆ. ಮಂದದೃಷ್ಟಿಯ ಅನೇಕ ಮಕ್ಕಳಿಗೆ ಬೇಕಾಗುವುದು ಮೊದಲನೆಯದು ಮಾತ್ರ. ಪ್ರಶ್ನೆ ಯಾರಾದರೂ ಓದಿ ಹೇಳಲಿ, ಉತ್ತರ ನಾನೇ ಬರೆಯುತ್ತೇನೆ ಎನ್ನುವವರು ಇವರು. ಗಣಿತದಲ್ಲಂತೂ ಹಂತಗಳನ್ನು ತಾನೇ ಕಾಗದದ ಮೇಲೆ ಇಟ್ಟು ಯೋಚಿಸಿ ಅಭ್ಯಾಸವಾದ ಮಗುವಿಗೆ, ಸಮೀಕರಣವನ್ನು ಬಾಯಲ್ಲಿ ಹೇಳಿ ಬರೆಸುವುದು ಪೂರ್ತಿ ಹೊಸ ವಿದ್ಯೆ. ಅದನ್ನು ಪರೀಕ್ಷೆಯ ಬೆಳಿಗ್ಗೆ ಕಲಿಯಲಾಗದು.

ನಿಯಮದಲ್ಲಿ ಪೋಷಕರು ಎಡವುವ ಜಾಗ ಒಂದಿದೆ. 2018ರ ಮಾರ್ಗಸೂಚಿಯ ಪ್ರಕಾರ ಅಂಧತ್ವ, ಎರಡೂ ಕೈಗಳ ಚಲನವೈಕಲ್ಯ ಮತ್ತು ಸೆರೆಬ್ರಲ್ ಪಾಲ್ಸಿ ಇರುವವರು ಬಯಸಿದರೆ ಸಾಕು, ಲಿಪಿಕಾರರನ್ನು ಕೊಡಬೇಕು. ಮಂದದೃಷ್ಟಿ ಆ ಪಟ್ಟಿಯಲ್ಲಿಲ್ಲ. ಉಳಿದವರಂತೆ ಇವರೂ, ಬರೆಯಲು ದೈಹಿಕ ಮಿತಿ ಇದೆ, ಲಿಪಿಕಾರರ ಅಗತ್ಯವಿದೆ ಎಂಬ ಪ್ರಮಾಣಪತ್ರವನ್ನು ಮುಖ್ಯ ವೈದ್ಯಾಧಿಕಾರಿ, ಸಿವಿಲ್ ಸರ್ಜನ್ ಅಥವಾ ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಂದ ನಿಗದಿತ ನಮೂನೆಯಲ್ಲಿ ತರಬೇಕು. ವಿಕಲಚೇತನರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡ್ ಇದೆಯಲ್ಲ ಎಂದು ನಿಶ್ಚಿಂತರಾಗಿದ್ದು, ಪರೀಕ್ಷೆಗೆ ವಾರ ಇರುವಾಗ ಜಿಲ್ಲಾಸ್ಪತ್ರೆಗೆ ಓಡುವುದು ಇದರಿಂದಲೇ. ವೈಕಲ್ಯ ಶೇ 40ಕ್ಕಿಂತ ಕಡಿಮೆ ಎಂದು ಬರೆದಿದ್ದರೂ ಬಾಗಿಲು ಮುಚ್ಚಿಲ್ಲ. ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಕೊಟ್ಟ ತೀರ್ಪಿನ ಬಳಿಕ, ಬರೆಯಲು ಕಷ್ಟವಿದ್ದು 40ರ ಮಿತಿ ಮುಟ್ಟದವರಿಗಾಗಿ 2022ರ ಆಗಸ್ಟ್‌ನಲ್ಲಿ ಪ್ರತ್ಯೇಕ ಮಾರ್ಗಸೂಚಿ ಬಂತು.

ಲಿಪಿಕಾರರ ಓದು ವಿದ್ಯಾರ್ಥಿಗಿಂತ ಒಂದು ಹಂತ ಕೆಳಗಿರಬೇಕು ಎಂಬುದು ಸಾಮಾನ್ಯ ನಿಯಮ. ಉತ್ತರ ಲಿಪಿಕಾರರ ತಲೆಯಿಂದ ಬಾರದಿರಲಿ ಎಂಬುದು ಉದ್ದೇಶ. ಅದರ ಇನ್ನೊಂದು ಮುಖವೂ ಇದೆ. ಒಂಬತ್ತನೇ ತರಗತಿಯ ಹುಡುಗ ಹತ್ತನೆಯದರ ವಿಜ್ಞಾನದ ಪದಗಳನ್ನು ಕೇಳಿಯೇ ಇರುವುದಿಲ್ಲ. "ಅವಾಯುವಿಕ" ಎಂದು ಹೇಳಿದರೆ ಅವನು "ಅವಯವಿಕ" ಎಂದು ಬರೆದಾನು. ಹಾಗಾಗಿ ಹೇಳುವ ವಿದ್ಯಾರ್ಥಿ ಕಠಿಣ ಪದವನ್ನು ಅಕ್ಷರ ಅಕ್ಷರವಾಗಿ, ಪೂರ್ಣವಿರಾಮ, ಹೊಸ ಪ್ಯಾರಾ ಸಮೇತ ಹೇಳಲು ಕಲಿತಿರಬೇಕು, ಪ್ರತಿ ಉತ್ತರ ಮುಗಿದ ಮೇಲೆ ಓದಿಸಿ ಕೇಳಬೇಕು. ಲಿಪಿಕಾರ ಹೇಳಿದ್ದನ್ನಷ್ಟೇ ಬರೆಯಬೇಕು. ಪ್ರಶ್ನೆಯನ್ನು ಎಷ್ಟು ಸಲ ಬೇಕಾದರೂ ಓದಬಹುದು, ವಿವರಿಸುವಂತಿಲ್ಲ. ಬಹು ಆಯ್ಕೆಯ ನಾಲ್ಕು ಉತ್ತರಗಳನ್ನು ಒಂದೇ ದನಿಯಲ್ಲಿ ಓದಬೇಕು. ಸರಿಯುತ್ತರದ ಹತ್ತಿರ ದನಿ ತಡೆದರೆ ಅದೂ ನೆರವೇ, ಮೇಲ್ವಿಚಾರಕರು ಗಮನಿಸಬೇಕಾದದ್ದು ಇಂಥದ್ದನ್ನು.

ಭಾಷೆಗಳಿಗೆ ಬೇರೆ ಲಿಪಿಕಾರರನ್ನು ತೆಗೆದುಕೊಳ್ಳಲು ಅವಕಾಶವಿದೆ, ಆದರೆ ಒಂದು ವಿಷಯಕ್ಕೆ ಒಬ್ಬರೇ. ಹಿಂದಿ ಚೆನ್ನಾಗಿ ಬರೆಯಬಲ್ಲವನು ಹಿಂದಿಗೆ, ಕನ್ನಡ ಅಕ್ಷರ ಚೆನ್ನಾಗಿರುವವಳು ಕನ್ನಡಕ್ಕೆ. ಪರೀಕ್ಷಾ ಸಂಸ್ಥೆಯೇ ಲಿಪಿಕಾರರನ್ನು ಕೊಟ್ಟರೆ ಎರಡು ದಿನ ಮುಂಚೆ ಭೇಟಿಯಾಗಿ ಪರೀಕ್ಷಿಸಿ ನೋಡುವ ಹಕ್ಕು ವಿದ್ಯಾರ್ಥಿಗಿದೆ. ತುರ್ತಿನಲ್ಲಿ ಲಿಪಿಕಾರರನ್ನು ಬದಲಿಸಲೂ ಮಾರ್ಗಸೂಚಿ ಒಪ್ಪುತ್ತದೆ. ಜ್ವರ ಬಂದ ಹುಡುಗನ ಬದಲು ಬರುವವರ ಗುರುತಿನ ಚೀಟಿ, ತರಗತಿಯ ದೃಢೀಕರಣ, ಫೋಟೊ ಮುಖ್ಯ ಅಧೀಕ್ಷಕರ ಬಳಿ ಮೊದಲೇ ಇದ್ದರೆ ಆ ಬೆಳಿಗ್ಗೆ ಗೇಟಿನಲ್ಲಿ ವಾದ ಮಾಡಬೇಕಾಗುವುದಿಲ್ಲ.

ಮಾಡಿದ ಹೊಂದಾಣಿಕೆ ಸರಿಯೇ ಎಂದು ತಿಳಿಯಲು ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಯನ್ನು ಅಂಕ ಬಿಟ್ಟು ಇನ್ನೊಮ್ಮೆ ತಿರುವಿಹಾಕಬೇಕು. ಪ್ರಶ್ನೆಯಲ್ಲಿ 3.8 ಇದ್ದು ಉತ್ತರದ ಮೊದಲ ಸಾಲಿನಲ್ಲೇ 38 ಆಗಿದ್ದರೆ, ಮುಂದಿನ ಹಂತಗಳೆಲ್ಲ ಸರಿ ಇದ್ದರೆ, ತಪ್ಪು ಮುದ್ರಣದ್ದು. ಪುಟದ ಮೇಲ್ತುದಿಯಲ್ಲಿದ್ದ ಉಪಪ್ರಶ್ನೆಗಳೇ ಬಿಟ್ಟುಹೋಗಿದ್ದರೆ ಪುಟ ವಿನ್ಯಾಸ ಕೈಕೊಟ್ಟಿದೆ. ಮೊದಲ ಮುಕ್ಕಾಲು ಭಾಗ ಚೆನ್ನಾಗಿದ್ದು ಕೊನೆಯ ದೊಡ್ಡ ಪ್ರಶ್ನೆಗಳು ಖಾಲಿ ಇದ್ದರೆ ಸಮಯ ಸಾಲಲಿಲ್ಲ. ಎಲ್ಲ ಬರೆದಿದ್ದರೂ ಎರಡನೇ ಗಂಟೆಯ ನಂತರ ಅಕ್ಷರ ಗೆರೆ ಬಿಟ್ಟು ಏರಿಳಿಯತೊಡಗಿ ಪದಗಳು ಒಂದರ ಮೇಲೊಂದು ಬಿದ್ದಿದ್ದರೆ, ಬಿಡುವು ಕೊಟ್ಟರೂ ಅದು ನಿಲ್ಲದಿದ್ದರೆ, ಆಗ ಲಿಪಿಕಾರರ ನಮೂನೆ ತೆಗೆಯಬೇಕು. ಆ ಪ್ರಮಾಣಪತ್ರಕ್ಕೆ ಜಿಲ್ಲಾಸ್ಪತ್ರೆಗೆ ಹೋಗುವಾಗ ಇದೇ ಉತ್ತರ ಪತ್ರಿಕೆಯನ್ನು ಜೊತೆಗೆ ಒಯ್ಯಿರಿ. ಬರೆಯಲು ಏನು ಕಷ್ಟ ಎಂದು ವೈದ್ಯರು ಕೇಳಿದಾಗ ತೋರಿಸಲು ಅನುಕೂಲವಾಗುತ್ತದೆ.